ಪರಿಚಯ ಕೇಳುವ ಹೊತ್ತು

ಗಿರಾಕಿಗಳಿಂದ ಮೆಚ್ಚಿಕೆಯ ಪತ್ರವನ್ನು ಪಡೆದು ಅಂಗಡಿಯ ಗೋಡೆಗೆ ಕಟ್ಟುಹಾಕಿಸಿ ತೂಗುಹಾಕುವ ವಾಡಿಕೆ ನಮ್ಮಲ್ಲಿ ಬಹಳ ಕಾಲದಿಂದ ಉಂಟು. ಈಚೆಗೆ ಆ ಪತ್ರವು ಫೋನಿನ ಸಂದೇಶವಾಗಿಯೋ ಕೆಲವು ಕ್ಷಣಗಳ ಚಿತ್ರವಾಗಿಯೋ ಬರುವುದಾದರೂ ಅದರ ಸ್ವರೂಪವು ಬದಲಾಗಿಲ್ಲ. ಇಂತಹ ಪತ್ರವು ಕೈಯಲ್ಲಿರುವಾಗ, ಅದೇ ಗಿರಾಕಿಯನ್ನು ‘ನಿಮ್ಮ ಪರಿಚಯದವರಿಗೆ ನಮ್ಮನ್ನು ತಿಳಿಸಿಕೊಡಿ’ ಎಂದು ಪುನಃ ಕೇಳುವುದೇಕೆ, ಎರಡೂ ಒಂದೇ ಅಲ್ಲವೇ ಎಂಬ ಸಂದೇಹವು ನಮ್ಮ ವಾಚಕರಲ್ಲಿ ಕೆಲವರಿಗೆ ಬರಬಹುದು. ಎರಡೂ ಒಂದಲ್ಲ. ಅವುಗಳ ಭೇದವನ್ನೂ, ಪರಿಚಯವನ್ನು ಕೇಳಲು ತಕ್ಕ ಸಮಯವಾವುದೆಂಬುದನ್ನೂ ಈ ತಿಂಗಳು ವಿಚಾರಮಾಡೋಣ.

ಮೆಚ್ಚಿಕೆಯ ಪತ್ರವೆಂದರೆ ಆಗಿಹೋದ ಕೆಲಸವನ್ನು ಕುರಿತ ಸಾಕ್ಷ್ಯ. ಅದನ್ನು ಯಾರು ಓದುವರೋ ಬರೆದವನಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಅದರಿಂದ ಮುಂದೆ ಯಾರಿಗಾದರೂ ನಷ್ಟವಾದರೆ ಅವನನ್ನು ಬಂದು ಕೇಳುವವರಿಲ್ಲ. ಪರಿಚಯಮಾಡಿಸುವುದು ಹಾಗಲ್ಲ. ಅದು ಇನ್ನೂ ಆಗಬೇಕಾದ ಕೆಲಸಕ್ಕೆ, ಹೆಸರುಳ್ಳ ಒಬ್ಬ ಮನುಷ್ಯನ ಎದುರಿಗೆ, ತನ್ನ ಮಾತನ್ನು ಒತ್ತೆಯಿಡುವುದು. ಕೆಲಸವು ಕೆಟ್ಟರೆ ಕೆಟ್ಟವನು ಮೊದಲು ಬೈಯುವುದು ಕೆಲಸಗಾರನನ್ನಲ್ಲ, ಅವನನ್ನು ಕರೆತಂದವನನ್ನು. ಆದಕಾರಣವೇ ಪತ್ರವನ್ನು ಧಾರಾಳವಾಗಿ ಕೊಡುವ ಎಷ್ಟೋ ಮಂದಿ ಪರಿಚಯವನ್ನು ಕೊಡಲು ಹಿಂದೆಗೆಯುತ್ತಾರೆ. ‘ಶಿಫಾರಸು’ ಎಂಬ ಮಾತನ್ನು ನಾವಿಲ್ಲಿ ಬೇಕೆಂದೇ ಬಿಟ್ಟಿದ್ದೇವೆ. ಆ ಮಾತಿಗೆ ನಮ್ಮ ಜನರಲ್ಲಿ ಕಚೇರಿಯ ವಶೀಲಿಯ ವಾಸನೆಯು ಅಂಟಿಕೊಂಡಿದೆ. ನಾವು ಹೇಳುತ್ತಿರುವುದು ಅದಲ್ಲ.

ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವವರಿಗೆ ಒಂದು ನಷ್ಟವು ತಪ್ಪದು. ಗಿರಾಕಿಯು ಎರಡರಲ್ಲಿ ಸುಲಭವಾದುದನ್ನು ಕೊಟ್ಟು, ಋಣವು ತೀರಿತೆಂದು ಕೈತೊಳೆದುಕೊಳ್ಳುತ್ತಾನೆ. ಸುಲಭವಾದುದು ಪತ್ರವೇ. ಆಮೇಲೆ ಪರಿಚಯವನ್ನು ಕೇಳಹೋದರೆ, ‘ಆಗಲೇ ಬರೆದುಕೊಟ್ಟೆನಲ್ಲ’ ಎಂಬ ಭಾವವು ಅವನ ಮುಖದಲ್ಲಿ ಕಾಣುತ್ತದೆ. ಆದುದರಿಂದ ಇವೆರಡನ್ನೂ ಬೇರೆಬೇರೆ ದಿನಗಳಲ್ಲಿ ಕೇಳತಕ್ಕದ್ದು. ಪರಿಚಯವನ್ನು ಮೊದಲು, ಪತ್ರವನ್ನು ತರುವಾಯ.

ಇನ್ನು ಸಮಯದ ವಿಚಾರ. ಇದನ್ನು ಬರಿಯ ಸೂತ್ರಗಳಿಂದ ಹೇಳುವುದಕ್ಕಿಂತ, ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಒಂದು ಕಸುಬನ್ನು ಇಟ್ಟುಕೊಂಡು ನೋಡುವುದು ಲೇಸು. ಹುಣಸೂರಿನಲ್ಲಿ ತಗಡಿನ ಕೆಲಸದ ಒಂದು ಸಣ್ಣ ಕಾರ್ಖಾನೆಯಿದೆಯೆಂದು ಇಟ್ಟುಕೊಳ್ಳೋಣ. ತಂದೆ ಮಗ ಇಬ್ಬರು, ಕೈಕೆಳಗೆ ಇಬ್ಬರು ಹುಡುಗರು. ಹುಣಸೂರು, ಪಿರಿಯಾಪಟ್ಟಣಗಳ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್ನುಗಳಿಗೆ ಪೈಪು ಹೊಂದಿಸುವುದು ಇವರ ಮುಖ್ಯ ವೃತ್ತಿ. ಇದಲ್ಲದೆ ಕೃಷ್ಣರಾಜನಗರದ ಅಕ್ಕಿ ಗಿರಣಿಯೊಂದಕ್ಕೆ ಭತ್ತವಿಳಿಯುವ ತಗಡಿನ ಕೊಳವೆಗಳನ್ನೂ, ಹೆಗ್ಗಡದೇವನಕೋಟೆಯ ಕಡೆ ಕಬಿನಿಯ ದಂಡೆಯಲ್ಲಿ ಪ್ರವಾಸಿಗಳನ್ನಿಳಿಸಿಕೊಳ್ಳುವ ಮನೆಯೊಂದಕ್ಕೆ ಸೌದೆಯಿಂದ ನೀರು ಕಾಯಿಸುವ ಹಂಡೆಯನ್ನೂ ಮಾಡಿಕೊಟ್ಟಿದ್ದಾರೆ. ಮೂರು ಬಗೆಯ ಗಿರಾಕಿಗಳು. ಮೂವರೂ ತಮ್ಮತಮ್ಮ ವ್ಯಾಪಾರದವರು. ಕೆಲಸಗಾರನು ಒಬ್ಬನೇ ಆದರೂ ಪರಿಚಯ ಕೇಳುವ ಹೊತ್ತು ಮೂವರಲ್ಲಿಯೂ ಬೇರೆ.

ಹೊಗೆಸೊಪ್ಪಿನಿಂದ ಆರಂಭಿಸೋಣ. ಈ ಸೀಮೆಯಲ್ಲಿ ಮುಂಗಾರಿನ ಮಳೆಯನ್ನು ನಂಬಿ ಮೇ, ಜೂನ್ ತಿಂಗಳುಗಳಲ್ಲಿ ಸಸಿಯನ್ನು ನೆಡುತ್ತಾರೆ. ಎಲೆಯು ಬಲಿತಂತೆ ಕೆಳಗಿನಿಂದ ಮೇಲಕ್ಕೆ ಮುರಿದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನೊಳಗೆ ಅಂತಸ್ತಂತಸ್ತಾಗಿ ತೂಗಿಬಿಡುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆಯುರಿದು, ಅದರ ಬಿಸಿಹೊಗೆಯು ನೆಲದ ಮೇಲೆ ಸುತ್ತುವರಿದ ತಗಡಿನ ಪೈಪಿನಲ್ಲಿ ಹರಿದು ಚಿಮಣಿಯಿಂದ ಹೊರಹೋಗುತ್ತದೆ. ಕಾವು ಮಾತ್ರ ಎಲೆಗೆ ತಗಲಬೇಕು, ಹೊಗೆಯು ತಗಲಕೂಡದು. ಮೊದಲು ಸಣ್ಣ ಕಾವಿನಲ್ಲಿ ಎಲೆಯು ಹಳದಿಗೆ ತಿರುಗಬೇಕು. ಆಮೇಲೆ ಆ ಬಣ್ಣವು ನಿಲ್ಲಬೇಕು. ಕಡೆಗೆ ಸುಮಾರು 70 ಡಿಗ್ರಿಯವರೆಗೆ ಕಾವೇರಿಸಿ ಎಲೆಯ ನಡುವಣ ದಂಟನ್ನು ಒಣಗಿಸಬೇಕು. ಒಂದು ಸಲ ಬೇಯಿಸುವುದಕ್ಕೆ ಐದಾರು ದಿನಗಳು ಹಿಡಿಯುತ್ತವೆ.

ಪೈಪು ಕೆಟ್ಟಿದ್ದರೆ ಅದರ ಗುರುತುಗಳು ಸ್ಪಷ್ಟ. ಒಲೆಯ ಬಾಯಿಯ ಹತ್ತಿರದ ತುಂಡಿಗೆ ಕಾವು ಹೆಚ್ಚಾದ್ದರಿಂದ ಮೊದಲು ತೂತುಬೀಳುವುದು ಅದೇ. ಅಲ್ಲಿಂದಾಗಲಿ ಸಡಿಲವಾದ ಕೀಲುಗಳಿಂದಾಗಲಿ ಹೊಗೆಯು ಒಳಕ್ಕೆ ಸೋರಿದರೆ ಎಲೆಗೆ ಮಸಿಯೂ ಹೊಗೆಯ ನಾತವೂ ಹತ್ತುತ್ತವೆ. ಕಾವು ಸಮನಾಗಿ ಹರಡದಿದ್ದರೆ ಒಂದು ಮೂಲೆಯ ಎಲೆ ಸೀಯುತ್ತದೆ, ಇನ್ನೊಂದು ಮೂಲೆಯದು ಹಸಿಯಾಗಿ ಉಳಿಯುತ್ತದೆ. ಸೌದೆಯೂ ಹೆಚ್ಚು ಹಿಡಿಯುತ್ತದೆ. ಕಾದ ಪೈಪಿನ ಮೇಲೆ ಒಣಗಿದ ಎಲೆಯುದುರಿದರೆ ಬೆಂಕಿಬಿದ್ದು ಬ್ಯಾರನ್ನೇ ಸುಟ್ಟುಹೋಗುವ ಅಪಾಯವುಂಟು. ಅದಕ್ಕಾಗಿಯೇ ಪೈಪಿನ ಮೇಲೆ ತಂತಿಯ ಬಲೆಯನ್ನು ಹಾಕುತ್ತಾರೆ.

ಈಗ ವಾಚಕರು ಗಮನಿಸಬೇಕಾದ ಮಾತು ಇದು. ನಮ್ಮ ತಗಡಿನ ಕೆಲಸಗಾರನು ಪೈಪನ್ನು ಹೊಂದಿಸಿ ಮುಗಿಸುವುದು ಜೂನ್ ತಿಂಗಳ ಹೊತ್ತಿಗೆ. ಹಣವನ್ನು ಎಣಿಸಿಕೊಳ್ಳುವುದೂ ಅಂದೇ. ಆದರೆ ಆ ದಿನ ರೈತನಿಗೆ ಕಾಣುವುದು ಹೊಳೆಯುವ ಹೊಸ ತಗಡು ಮಾತ್ರ. ಅದು ಒಳ್ಳೆಯದೋ ಕೆಟ್ಟದ್ದೋ ಅವನಿಗಿನ್ನೂ ಗೊತ್ತಿಲ್ಲ. ಗೊತ್ತಾಗುವುದು ಮೊದಲ ಸೊಪ್ಪು ಬೆಂದು ಬಾಗಿಲು ತೆರೆದ ಮೇಲೆ. ಕೆಲಸವು ಮುಗಿಯುವ ದಿನ ಬೇರೆ, ಸಂತೋಷವು ಹುಟ್ಟುವ ದಿನ ಬೇರೆ. ಇವೆರಡರ ನಡುವೆ ಒಂದೂವರೆ ಎರಡು ತಿಂಗಳ ಅಂತರವಿರುವುದನ್ನು ಮರೆತು ಪರಿಚಯವನ್ನು ಕೇಳುವುದೇ ಈ ಕಸುಬಿನವರ ಸಾಮಾನ್ಯವಾದ ತಪ್ಪು.

ಹಣವನ್ನೆಣಿಸುವ ಹೊತ್ತಿನಲ್ಲಿ ಕೇಳಿದರೆ ಇನ್ನೊಂದು ತೊಡಕೂ ಉಂಟು. ಆ ಗಳಿಗೆಯಲ್ಲಿ ಗಿರಾಕಿಯ ಮನಸ್ಸು ಚೌಕಾಶಿಯಲ್ಲಿರುತ್ತದೆ. ‘ನಾಲ್ಕು ಜನಕ್ಕೆ ನಮ್ಮ ಹೆಸರು ಹೇಳಿ’ ಎಂದರೆ, ‘ಹೇಳಾನ, ಅದ್ಕೆ ಒಂದೈನೂರು ಬಿಡಿ ಮತ್ತೆ’ ಎಂಬ ಉತ್ತರವೇ ಬರುತ್ತದೆ. ಕೇಳಿದವನು ಐನೂರನ್ನು ಬಿಟ್ಟನೆಂದೇ ತಿಳಿಯೋಣ. ಆಗ ಅವನು ಕೊಂಡದ್ದು ಪರಿಚಯವನ್ನಲ್ಲ, ಅದರ ಭರವಸೆಯನ್ನು. ಅಂತಹ ಭರವಸೆಯು ಊರಿನ ಹೆಬ್ಬಾಗಿಲನ್ನು ದಾಟುವುದಿಲ್ಲ.

ಹಾಗಾದರೆ ಯಾವಾಗ? ಬೇಯಿಸುವ ದಿನಗಳಲ್ಲಿಯೇ ಕೇಳಬಹುದೇ? ಆಗ ಸಂತೋಷವು ಹೊಸದು, ನಿಜ. ಪಕ್ಕದ ಹೊಲದವನ ಹಳೆಯ ಪೈಪು ಹೊಗೆ ಕಾರುತ್ತಿರುವುದೂ ಆಗಲೇ. ಆದರೆ ಒಲೆಗೆ ಸೌದೆಯಿಕ್ಕುತ್ತ ರಾತ್ರಿ ನಿದ್ರೆಗೆಟ್ಟಿರುವ ಒಕ್ಕಲುಮಗನಿಗೆ ಇನ್ನೊಬ್ಬರ ವಿಚಾರವನ್ನು ಚಿಂತಿಸಲು ವ್ಯವಧಾನವೆಲ್ಲಿಯದು? ಆದಕಾರಣ ಈ ಕೆಲಸವನ್ನು ಎರಡು ಹೆಜ್ಜೆಗಳಲ್ಲಿ ಮಾಡುವುದೇ ಯುಕ್ತವೆಂದು ನಮಗೆ ತೋರುತ್ತದೆ.

ಮೊದಲನೆಯ ಹೆಜ್ಜೆಯು ಕುಶಲವನ್ನು ವಿಚಾರಿಸುವುದು. ಎರಡನೆಯ ಸಲವೋ ಮೂರನೆಯ ಸಲವೋ ಸೊಪ್ಪನ್ನು ಬೇಯಿಸಿದ ಮೇಲೆ ಕೆಲಸಗಾರನು ತಾನಾಗಿಯೇ ಬ್ಯಾರನ್ನಿನ ಹತ್ತಿರ ಹೋಗಬೇಕು. ಕೀಲುಗಳನ್ನು ಮುಟ್ಟಿ ನೋಡಬೇಕು, ಸಡಿಲವಿದ್ದರೆ ಬಿಗಿಮಾಡಬೇಕು. ಆಮೇಲೆ, ‘ಗೌಡ್ರೇ, ಸೊಪ್ಪು ಹೆಂಗೆ ಬೇಯ್ತಾ ಅದೆ?’ ಎಂದು ಕೇಳಿ ಸುಮ್ಮನಿರಬೇಕು. ಉತ್ತರವನ್ನು ಅವನ ಬಾಯಿಗೆ ತುರುಕಬಾರದು. ‘ಪರವಾಗಿಲ್ಲ’ ಎಂದರೆ ಅದು ಮರ್ಯಾದೆಯ ಮಾತೇ ಹೊರತು ಮೆಚ್ಚಿಕೆಯಲ್ಲ. ‘ಹೋದ ಸಲ ಮೂಲೇಲಿ ಸೊಪ್ಪು ಹಸೀನೇ ಉಳ್ಕತಿತ್ತು, ಈ ಸಲ ಎಲ್ಲಾ ಒಂದೇ ಸಮ ಬಂತು ಆಚಾರ್ರೇ, ಸೌದೇನೂವೆ ಕಮ್ಮಿ ಹಿಡೀತು’ ಎಂದರೆ ಅದು ಮೆಚ್ಚಿಕೆ. ಏನು ಸುಧಾರಿಸಿತೆಂಬುದನ್ನು ಗಿರಾಕಿಯು ತನ್ನ ಮಾತಿನಲ್ಲಿ ತಾನೇ ಹೇಳುವುದೇ ಪರೀಕ್ಷೆ. ಹಾಗೆ ಹೇಳಬಲ್ಲವನು ಮಾತ್ರ ಪಕ್ಕದವನಿಗೂ ಹೇಳಬಲ್ಲನು. ಅಂದಿನ ದಿನ ಏನನ್ನೂ ಕೇಳದೆ, ಆ ಮಾತನ್ನು ಪುಸ್ತಕದಲ್ಲಿ ಗುರುತುಮಾಡಿಕೊಂಡು ಹಿಂದಿರುಗಬೇಕು.

ಎರಡನೆಯ ಹೆಜ್ಜೆಗೆ ಹರಾಜು ಮಾರುಕಟ್ಟೆಯು ತೆರೆಯಬೇಕು. ತಂಬಾಕು ಮಂಡಳಿಯು 1976ರಲ್ಲಿ ಸ್ಥಾಪಿತವಾಗಿ, ಕರ್ನಾಟಕದಲ್ಲಿ 1984ರಿಂದ ಹರಾಜಿನ ಪದ್ಧತಿಯು ನಡೆದುಬಂದಿದೆ. ಸಾಮಾನ್ಯವಾಗಿ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಮಾರಾಟವಾರಂಭವಾಗುತ್ತದೆ. ಸೊಪ್ಪನ್ನು ಬಣ್ಣ, ಗುಣಗಳ ಮೇಲೆ ವಿಂಗಡಿಸಿ ಬೇಲುಗಳಾಗಿ ಕಟ್ಟಿ ತಂದು, ಒಂದೊಂದು ಬೇಲಿಗೂ ಬೆಲೆಯಾಗುವುದನ್ನು ರೈತನು ನಿಂತು ನೋಡುತ್ತಾನೆ. ಮೊದಲ ಬೇಲುಗಳು ಮಾರಾಟವಾಗಿ ಹಣವು ಬ್ಯಾಂಕಿಗೆ ಬಂದು ಒಂದು ವಾರ ಕಳೆದ ಮೇಲೆ ಅವನ ಮನೆಗೆ ಹೋಗಬಹುದು. ಆಗ ಕೆಲಸದ ಒತ್ತಡವು ಇಳಿದಿರುತ್ತದೆ. ಪೈಪಿನ ಗುಣವು ಎಷ್ಟೋ ಸಲ ಪರೀಕ್ಷೆಯಾಗಿರುತ್ತದೆ. ಹಳೆಯ ಪೈಪಿನಿಂದ ನಷ್ಟಪಟ್ಟ ನೆರೆಯವರ ಸಂಕಟವೂ ಊರಿನವರ ನೆನಪಿನಲ್ಲಿ ಹಸಿಯಾಗಿಯೇ ಇರುತ್ತದೆ.

ಇಲ್ಲಿ ಒಂದು ಎಚ್ಚರವು ಅವಶ್ಯ. ಹರಾಜಿನ ಬೆಲೆಯು ಪೈಪಿನ ಕೈಯಲ್ಲಿಲ್ಲ. ಮಳೆಯೂ ಕೊಳ್ಳುವ ಕಂಪೆನಿಗಳ ಅಗತ್ಯವೂ ಅದನ್ನು ಏರಿಸಿ ಇಳಿಸುತ್ತವೆ. ಬೆಲೆ ಬಿದ್ದ ವಾರದಲ್ಲಿ ರೈತನು ಎಲ್ಲರ ಮೇಲೂ ಮುನಿದಿರುತ್ತಾನೆ. ಅಂದು ಹೋಗುವುದು ಅವಿವೇಕ. ಬೆಲೆಯು ಬಹಳ ಏರಿದ ದಿನವೂ ಅಷ್ಟು ಒಳ್ಳೆಯದಲ್ಲವೆಂದರೆ ವಾಚಕರು ಆಶ್ಚರ್ಯಪಡಬಹುದು. ಆ ದಿನದ ಸಂತೋಷವು ಬೆಲೆಯಿಂದ ಹುಟ್ಟಿದ್ದು, ಕೆಲಸದಿಂದ ಹುಟ್ಟಿದ್ದಲ್ಲ. ಹಿಗ್ಗಿನಲ್ಲಿ ಅವನು ಹತ್ತು ಹೆಸರುಗಳನ್ನು ಹೇಳಿಯಾನು. ಅವುಗಳಲ್ಲಿ ಒಂದಕ್ಕೂ ಬೇರಿರುವುದಿಲ್ಲ. ಆದುದರಿಂದಲೇ, ಬೇಯಿಸುವಾಗ ಅವನು ಆಡಿದ ಮಾತನ್ನು ಬರೆದಿಟ್ಟುಕೊಳ್ಳಬೇಕೆಂದು ನಾವು ಹೇಳಿದ್ದು. ಆ ಮಾತನ್ನೇ ನೆನಪಿಗೆ ತಂದು ಕೇಳತಕ್ಕದ್ದು.

ಕೇಳುವ ಮಾತೂ ಖಚಿತವಾಗಿರಬೇಕು. ‘ಯಾರಿಗಾದರೂ ಹೇಳಿ’ ಎಂದರೆ ಯಾರಿಗೂ ಹೇಳುವುದಿಲ್ಲ. ಯಾರೆಂದು ಹುಡುಕುವ ಶ್ರಮವನ್ನು ಗಿರಾಕಿಯ ಮೇಲೆ ಹೊರಿಸಿದಂತಾಯಿತು. ಹೀಗೆ ಕೇಳಿ ನೋಡಿ: ‘ಗೌಡ್ರೇ, ಮೂಲೆ ಸೊಪ್ಪೂ ಒಂದೇ ಸಮ ಬಂತು ಅಂದ್ರಲ್ಲ. ನಿಮ್ ಊರಲ್ಲಿ ಈ ಸಲ ಹಂಗೆ ಸೊಪ್ಪು ಕೆಡಿಸ್ಕಂಡೋರು ಒಬ್ರು ಇದ್ರೆ, ನಾನು ಬಂದು ಪೈಪ್ ನೋಡ್ಕೊಡ್ತೀನಿ ಅಂತ ಒಂದ್ ಮಾತು ಅವ್ರಿಗೆ ಹೇಳ್ತೀರಾ? ಮನ್ಸಿಗೆ ಬರ್ದಿದ್ರೆ ಬ್ಯಾಡಿ, ಏನೂ ತಿಳ್ಕಳಲ್ಲ.’ ಇದರಲ್ಲಿ ನಾಲ್ಕು ಅಂಶಗಳಿವೆ. ಅವನದೇ ಮಾತು ಇದೆ, ಒಂದೇ ಬಗೆಯ ತೊಂದರೆಯಿದೆ, ಕೇಳಿದ್ದು ಒಬ್ಬನನ್ನು ಮಾತ್ರ, ಬೇಡವೆನ್ನಲು ದಾರಿಯಿದೆ. ಕಡೆಯದು ಬಹು ಮುಖ್ಯ. ಬೇಡವೆನ್ನಲು ದಾರಿಯಿಲ್ಲದವನು ‘ನೋಡಾನ ತಗಳಿ’ ಎನ್ನುತ್ತಾನೆ. ನಮ್ಮ ಸೀಮೆಯಲ್ಲಿ ಅದು ಇಲ್ಲವೆಂಬುದರ ಇನ್ನೊಂದು ರೂಪ. ಅದನ್ನು ಕೇಳಿದ ಮೇಲೆ ಪುನಃ ಒತ್ತಾಯಿಸದೆ, ಕೆಲಸದಲ್ಲಿ ಏನಾದರೂ ಕುಂದು ಉಳಿದಿದೆಯೇ ಎಂದು ವಿಚಾರಿಸುವುದು ಮೇಲು. ಎಷ್ಟೋ ವೇಳೆ ಬಾಯಿಬಿಟ್ಟು ಹೇಳದ ದೂರೊಂದು ಅದರ ಕೆಳಗಿರುತ್ತದೆ.

ಹೆಸರು ಸಿಕ್ಕಿತೆಂದು ಫೋನ್ ನಂಬರನ್ನು ಬರೆದುಕೊಂಡು ಅಂದೇ ಕರೆಮಾಡುವುದು ತರವಲ್ಲ. ಆ ಇನ್ನೊಬ್ಬನಿಗೆ ಇದು ಅಪರಿಚಿತನ ಕಾಟವಾಗುತ್ತದೆ; ನಂಬರನ್ನು ಕೊಟ್ಟವನ ಮೇಲೂ ಅಸಮಾಧಾನವಾಗುತ್ತದೆ. ಮೊದಲು ಗಿರಾಕಿಯೇ ಒಂದು ಮಾತನ್ನಾಡಿ, ಅತ್ತಣಿಂದ ಒಪ್ಪಿಗೆ ಬಂದ ಮೇಲೆ ನಾವು ಮುಂದುವರಿಯಬೇಕು. ಇವನ ಬ್ಯಾರನ್ನಿನ ಪೈಪನ್ನು ಅವನು ಒಮ್ಮೆ ಬಂದು ಕಣ್ಣಾರೆ ನೋಡುವಂತಾದರೆ ಇನ್ನೂ ಒಳ್ಳೆಯದು. ಹೀಗೆ ಒಪ್ಪಿದ ನೆರೆಯವನ ಹಳೆಯ ಪೈಪನ್ನು ನವೆಂಬರಿನಲ್ಲಿಯೇ ಪರೀಕ್ಷಿಸಿ, ಯಾವ ತುಂಡು ಹೋಗಬೇಕು, ಯಾವುದು ಇನ್ನೊಂದು ವರ್ಷ ತಡೆದೀತು ಎಂಬುದನ್ನು ಬರೆದುಕೊಟ್ಟರೆ, ಬೇಸಗೆಯಲ್ಲಿ ಅವನು ತಾನಾಗಿಯೇ ಕೆಲಸವನ್ನೊಪ್ಪಿಸುತ್ತಾನೆ.

ಇದಕ್ಕೂ ಒಂದು ಮಿತಿಯುಂಟು. ಪೈಪಿನ ಕೆಲಸವೆಲ್ಲವೂ ಬೇಸಗೆಯ ಕಡೆಯಿಂದ ಸೊಪ್ಪು ಬಲಿಯುವುದರೊಳಗಾಗಿ ಮುಗಿಯಬೇಕು. ನಾಲ್ಕು ಜನರ ಕಾರ್ಖಾನೆಯು ಆ ಅವಧಿಯಲ್ಲಿ ಇಪ್ಪತ್ತು ಬ್ಯಾರನ್ನುಗಳನ್ನು ಮಾಡಬಲ್ಲದೆಂದೂ, ಹಳೆಯ ಗಿರಾಕಿಗಳದೇ ಹದಿನೈದಿವೆಯೆಂದೂ ಎಣಿಸೋಣ. ಉಳಿದದ್ದು ಐದು. ಹೇಳಿಸಿಕೊಂಡವರೆಲ್ಲರೂ ಕೆಲಸವನ್ನು ಕೊಡುವುದಿಲ್ಲವಾದ್ದರಿಂದ, ಏಳೆಂಟು ಪರಿಚಯಗಳನ್ನು ಕೇಳಿದರೆ ಸಾಕು. ಇಪ್ಪತ್ತನ್ನು ಕೇಳಿ, ಬಂದವರಿಗೆ ಜುಲೈ ಕಳೆದರೂ ಪೈಪನ್ನು ಹೊಂದಿಸಿಕೊಡಲಾರದೆಹೋದರೆ ಅವರ ಸೊಪ್ಪು ಗಿಡದಲ್ಲಿಯೇ ಹಣ್ಣಾಗಿ ಕೆಡುತ್ತದೆ. ಕರೆತಂದವನ ಮಾತೂ ಅದರೊಡನೆ ಕೆಡುತ್ತದೆ.

ಕೃಷ್ಣರಾಜನಗರದ ಗಿರಣಿಯವರ ವಿಚಾರವು ಬೇರೆ. ಭತ್ತದ ಸಿಪ್ಪೆಯು ಬಹಳ ಒರಟು. ಅದು ಉಜ್ಜಿ ಉಜ್ಜಿ ತಗಡಿನ ಕೊಳವೆಯ ತಿರುವುಗಳನ್ನು ತೂತುಮಾಡುತ್ತದೆ. ಸುಗ್ಗಿಯ ಭತ್ತವು ಗಾಡಿಗಟ್ಟಲೆ ಬಂದು ಬೀಳುವಾಗ ಕೊಳವೆಯೊಡೆದರೆ ಗಿರಣಿ ನಿಲ್ಲುತ್ತದೆ. ಆದುದರಿಂದ ಇಲ್ಲಿ ಕೆಲಸದ ಪರೀಕ್ಷೆಯೆಂದರೆ ಒಂದು ಸುಗ್ಗಿಯನ್ನು ನಿಲ್ಲದೆ ದಾಟುವುದು. ಪರಿಚಯವನ್ನು ಕೇಳಲು ಸಮಯವು ಆ ನೂಕುನುಗ್ಗಲು ಇಳಿದ ಮೇಲೆ. ಆದರೆ ಯಾರ ಪರಿಚಯ? ಅದೇ ಊರಿನ ಇನ್ನೊಂದು ಗಿರಣಿಯದನ್ನು ಕೇಳಿದರೆ ಯಜಮಾನರು ಸುಮ್ಮನಾಗುತ್ತಾರೆ. ಹೊಗೆಸೊಪ್ಪಿನ ರೈತನಿಗೆ ನೆರೆಯವನ ಸೊಪ್ಪು ಚೆನ್ನಾಗಿ ಬೆಂದುದರಿಂದ ತನ್ನ ಬೇಲಿನ ಬೆಲೆಯೇನೂ ಬೀಳುವುದಿಲ್ಲ. ಗಿರಣಿಯವರಾದರೋ ಅದೇ ಭತ್ತಕ್ಕೆ ಅದೇ ಕಣದಲ್ಲಿ ಪೈಪೋಟಿ ನಡೆಸುವವರು. ಎದುರಾಳಿಯ ಗಿರಣಿಯು ನಿಲ್ಲದೆ ಓಡಲೆಂದು ಹಾರೈಸುವಷ್ಟು ಔದಾರ್ಯವನ್ನು ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಹಿಟ್ಟಿನ ಗಿರಣಿ, ಎಣ್ಣೆಯ ಗಾಣ, ದನದ ಮೇವಿನ ಮಿಶ್ರಣವನ್ನು ಮಾಡುವವರು, ಇಲ್ಲವೆ ಬೇರೆ ತಾಲ್ಲೂಕಿನಲ್ಲಿ ಗಿರಣಿಯಿಟ್ಟಿರುವ ನೆಂಟರು, ಹೀಗೆ ಅವರಿಗೆ ಸ್ಪರ್ಧಿಗಳಲ್ಲದವರನ್ನು ಹೆಸರಿಸಿ ಕೇಳಿದರೆ ಸಂತೋಷದಿಂದ ಹೇಳಿಕೊಡುತ್ತಾರೆ.

ಕಬಿನಿಯ ದಂಡೆಯ ಮನೆಯೊಡತಿಗೆ ಹಂಡೆಯ ಬೆಲೆ ತಿಳಿಯುವುದು ಡಿಸೆಂಬರಿನ ಚಳಿಯಲ್ಲಿ, ರಜೆಯ ಅತಿಥಿಗಳು ಬೆಳಗಿನ ಜಾವ ಕಾಡಿಗೆ ಹೊರಡುವ ಮೊದಲು ಎಲ್ಲರೂ ಒಟ್ಟಿಗೆ ಬಿಸಿನೀರನ್ನು ಕೇಳಿದಾಗ. ಜೂನ್ ತಿಂಗಳಲ್ಲಿ ಹಂಡೆಯನ್ನು ಹೂಡಿದ್ದರೂ ಜನವರಿಯವರೆಗೆ ಕಾದು, ಅತಿಥಿಗಳು ಹೊರಟ ಮೇಲೆ ಹೋಗಿ, ‘ಅಮ್ಮಾ, ಈ ಸಲ ನೀರಿನ ತಾಪತ್ರಯ ಆಯ್ತೇ?’ ಎಂದು ವಿಚಾರಿಸಬೇಕು. ಅವರಿಗೆ ಪರಿಚಯವಿರುವ ಕಲ್ಯಾಣಮಂಟಪದವರೂ ವಿದ್ಯಾರ್ಥಿನಿಲಯಗಳವರೂ ಬಿಸಿನೀರಿಗೆ ಇದೇ ಪಾಡುಪಡುವವರು. ಪಕ್ಕದ ಮನೆಯ ವಸತಿಯವರಿಗಿಂತ ಅಂತಹವರನ್ನು ಕೇಳುವುದೇ ಸಲೀಸು.

ಹೇಳಿಕೊಟ್ಟವರಿಗೆ ಏನಾದರೂ ಕೊಡಬೇಕೇ ಎಂಬುದು ಕಡೆಯ ಪ್ರಶ್ನೆ. ತಲೆಗಿಷ್ಟೆಂದು ಹಣವನ್ನು ಗೊತ್ತುಮಾಡಿದರೆ ಸ್ನೇಹದ ಮಾತು ದಲ್ಲಾಳಿಯ ಮಾತಾಗುತ್ತದೆ. ಊರಿನಲ್ಲಿ ಇಂತಹದು ಬಯಲಾಗದೆ ಇರುವುದಿಲ್ಲ; ಬಯಲಾದ ಮೇಲೆ ಆ ಗಿರಾಕಿಯ ಮಾತಿಗೆ ಬೆಲೆಯಿಲ್ಲ. ಹಣವನ್ನು ಕೊಡುವುದೇ ನಿಶ್ಚಯವಾದರೆ, ಹೊಸಬನಿಗೆ ಅದನ್ನು ಮುಚ್ಚಿಡದೆ ತಿಳಿಸಬೇಕು. ನಮ್ಮ ಅಭಿಪ್ರಾಯದಲ್ಲಿ ಸಲ್ಲಬೇಕಾದ ಗೌರವವೆಂದರೆ ಸುದ್ದಿ ಮುಟ್ಟಿಸುವುದು. ‘ನೀವು ಹೇಳಿದವರ ಮನೆಗೆ ಹೋಗಿದ್ದೆ, ಎರಡು ತುಂಡು ಬದಲಾಯಿಸಬೇಕು, ಮೇ ತಿಂಗಳಿಗೆ ಒಪ್ಪಿದ್ದಾರೆ’ ಎಂದಾಗಲಿ, ‘ಅವರು ಈ ವರ್ಷ ಬೇಡವೆಂದರು’ ಎಂದಾಗಲಿ, ನಡೆದುದನ್ನು ವಾರದೊಳಗೆ ತಿಳಿಸಬೇಕು. ತಾನು ಒತ್ತೆಯಿಟ್ಟ ಮಾತು ಏನಾಯಿತೆಂದು ತಿಳಿಯದಿರುವುದೇ ಹೇಳಿಕೊಟ್ಟವನಿಗೆ ಇರುವ ಆತಂಕ. ಅದನ್ನು ನೀಗಿಸದೆ ಅವನನ್ನು ಎರಡನೆಯ ಹೆಸರು ಕೇಳಬಾರದು.

ಇಷ್ಟೆಲ್ಲಕ್ಕೂ ಬೇಕಾದದ್ದು ಒಂದು ಎರಡಾಣೆಯ ಪುಸ್ತಕದಂಥ ಸಾದಾ ಲೆಕ್ಕದ ಪುಸ್ತಕ. ಪ್ರತಿಯೊಬ್ಬ ಗಿರಾಕಿಯ ಹೆಸರಿನ ಮುಂದೆ ಕೆಲಸವು ಮುಗಿದ ದಿನ, ಕೆಲಸದ ಗುಣವು ಅವನಿಗೆ ತಿಳಿಯತಕ್ಕ ದಿನ, ಅವನು ಆಡಿದ ಮಾತು, ಕೇಳಿದ ಪರಿಚಯ, ಮುಟ್ಟಿಸಿದ ಸುದ್ದಿ ಎಂದು ಐದು ಮನೆಗಳನ್ನು ಗೀಟುಹಾಕಿಕೊಳ್ಳಿ. ಮೂರನೆಯ ಮನೆಯು ಬರಿದಾಗಿರುವಾಗ ನಾಲ್ಕನೆಯದನ್ನು ತುಂಬಲು ಹೋಗಬೇಡಿ. ಐದೂ ತುಂಬಿದ ಮೇಲೆ, ಆ ವರ್ಷದ ಸೊಪ್ಪೆಲ್ಲವೂ ಮಾರಿಹೋದ ತರುವಾಯ, ಮೆಚ್ಚಿಕೆಯ ಪತ್ರವನ್ನು ಕೇಳಿ. ಅಷ್ಟು ಹೊತ್ತಿಗೆ ಅದನ್ನು ಬರೆಯತಕ್ಕವನಿಗೆ ಏನು ಬರೆಯಬೇಕೆಂಬುದೂ ಚೆನ್ನಾಗಿ ತಿಳಿದಿರುತ್ತದೆ.